ಮಳೆಗಾಲದಲ್ಲಿ ಫೋನ್ ಸಿಗದಾಗ: ಕೊಡಗಿನ ಹೋಂಸ್ಟೇಗೊಂದು ಒಳ್ಳೆಯ ವಾಯ್ಸ್‌ಮೇಲ್ ಸಂದೇಶ ಮಾಡುವ ಬಗೆ

ನಾಪೋಕ್ಲು ಕಡೆ ನಮ್ಮದೊಂದು ನಾಲ್ಕು ಕೋಣೆಯ ಹೋಂಸ್ಟೇ ಇದೆ. ಕೆಲವು ವರ್ಷಗಳ ಹಿಂದೆ ಜುಲೈನಲ್ಲಿ ಒಂದು ಕುಟುಂಬ ಮುಂಗಡ ಕಟ್ಟಿ ಬುಕ್ ಮಾಡಿತ್ತು. ಅವರು ಹೊರಡುವ ದಿನ ಮರ ಬಿದ್ದು ಕರೆಂಟ್ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಟವರೂ ಹೋಯಿತು. ಅವರು ದಾರಿಯಿಂದ ಹದಿನೇಳು ಸಲ ಫೋನ್ ಮಾಡಿದ್ದರು. ಹದಿನೇಳು ಸಲವೂ ಕೇಳಿದ್ದು ಒಂದೇ: ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಅಥವಾ ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ. ದುಡ್ಡು ತಗೊಂಡು ಫೋನ್ ಆಫ್ ಮಾಡಿದ್ದಾರೆ ಅಂತ ಅವರು ತಿಳಿದದ್ದರಲ್ಲಿ ತಪ್ಪೇನಿಲ್ಲ, ಅಲ್ವಾ? ಕುಶಾಲನಗರದಿಂದಲೇ ವಾಪಸ್ ಹೋದರು.

ತಮಾಷೆ ಏನೆಂದರೆ, ಆಗ ನನ್ನ ನಂಬರಿನಲ್ಲಿ ಕಾಲರ್ ಟ್ಯೂನ್ ಇತ್ತು. ಅದಕ್ಕೆ ತಿಂಗಳು ತಿಂಗಳು ದುಡ್ಡು ಬೇರೆ ಹೋಗುತ್ತಿತ್ತು. ಅಗತ್ಯ ಬಿದ್ದ ದಿನ ಅದು ಕೇಳಿಸಲೇ ಇಲ್ಲ. ಯಾಕೆ ಕೇಳಿಸಲಿಲ್ಲ ಅಂತ ಹುಡುಕಲು ಹೊರಟಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೋಂಸ್ಟೇ ಅಂತಲ್ಲ, ಜೀಪ್ ಬಾಡಿಗೆಗೆ ಕೊಡುವವರಿಗೂ ಮೆಣಸು, ಜೇನು ಮಾರುವವರಿಗೂ ಇದೇ ಲೆಕ್ಕ.

ಮೊದಲು: ಯಾವ ದನಿ ಎಲ್ಲಿಂದ ಬರುತ್ತದೆ

ನಿಮಗೆ ಫೋನ್ ಮಾಡಿದವರ ಕಿವಿಗೆ ಮೂರು ಬಗೆಯ ದನಿ ಬೀಳಬಹುದು.

ಒಂದು, ಕಾಲರ್ ಟ್ಯೂನ್. ಇದು ನಿಮ್ಮ ಫೋನಿನಲ್ಲಿಲ್ಲ, ಕಂಪನಿಯ ಸರ್ವರಿನಲ್ಲಿದೆ. ನಿಮ್ಮ ಫೋನ್ ರಿಂಗ್ ಆಗಲು ಶುರುವಾದಾಗ "ಟ್ರಿಂಗ್ ಟ್ರಿಂಗ್" ಬದಲು ಕರೆ ಮಾಡಿದವರಿಗೆ ಅದನ್ನು ಕೇಳಿಸುತ್ತಾರೆ, ಅಷ್ಟೇ. ರಿಂಗೇ ಆಗದಿದ್ದರೆ ಟ್ಯೂನೂ ಇಲ್ಲ.

ಎರಡು, ಕಂಪನಿಯ ಸಿದ್ಧ ಘೋಷಣೆ. ಸ್ವಿಚ್ ಆಫ್, ವ್ಯಾಪ್ತಿ ಪ್ರದೇಶ ಇತ್ಯಾದಿ. ಇದರ ಮಾತನ್ನು ನೀವು ಬದಲಾಯಿಸಲು ಆಗುವುದಿಲ್ಲ.

ಮೂರು, ನಿಮ್ಮದೇ ದನಿಯ ಸಂದೇಶ. ಇದು ಕೇಳಬೇಕಾದರೆ ಕರೆಯನ್ನು ಯಾರಾದರೂ "ಎತ್ತಬೇಕು". ಮನುಷ್ಯರಲ್ಲದಿದ್ದರೆ ಒಂದು ಯಂತ್ರ ಎತ್ತಬೇಕು. ಫೋನಿನ ಒಳಗೇ ಕೆಲಸ ಮಾಡುವ ಉತ್ತರಿಸುವ ಆ್ಯಪ್‌ಗಳಿವೆ. ಆದರೆ ಫೋನಿಗೆ ಸಿಗ್ನಲ್ ಇಲ್ಲದಿದ್ದರೆ ಕರೆ ಅಲ್ಲಿಗೆ ತಲುಪುವುದೇ ಇಲ್ಲ. ಮಳೆಗಾಲದ ಕೊಡಗಿಗೆ ಅವು ಉಪಯೋಗವಿಲ್ಲ.

ಹಾಗಾಗಿ ನಮಗೆ ಬೇಕಾದದ್ದು ಬೆಟ್ಟದ ಹೊರಗೆ ಕೂತಿರುವ ಒಂದು ಉತ್ತರ. ನಮ್ಮ ಫೋನ್ ಸತ್ತಾಗ ಕರೆ ತಾನಾಗಿ ಅಲ್ಲಿಗೆ ಹೋಗಬೇಕು.

ಎರಡನೇ ಹೆಜ್ಜೆ: ಕರೆಯನ್ನು ತಿರುಗಿಸುವುದು

ಫೋನಿನ ಡಯಲರ್ ಆ್ಯಪಿನ ಸೆಟ್ಟಿಂಗ್ಸಿನಲ್ಲಿ ಕಾಲ್ ಫಾರ್ವರ್ಡಿಂಗ್ ಅಂತ ಇರುತ್ತದೆ. ಅಲ್ಲಿ ನಾಲ್ಕು ಆಯ್ಕೆಗಳು: ಯಾವಾಗಲೂ, ಬಿಜಿ ಇದ್ದಾಗ, ಎತ್ತದಿದ್ದಾಗ, ಸಿಗದಿದ್ದಾಗ. ನಮಗೆ ಬೇಕಾದದ್ದು ಕೊನೆಯದು. ಬೇಕಾದರೆ ಮೂರನೆಯದನ್ನೂ ಹಾಕಬಹುದು. "ಯಾವಾಗಲೂ" ಎನ್ನುವುದನ್ನು ಮಾತ್ರ ಮುಟ್ಟಬೇಡಿ, ಆಮೇಲೆ ನಿಮ್ಮ ಫೋನ್ ರಿಂಗ್ ಆಗುವುದೇ ನಿಲ್ಲುತ್ತದೆ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ಹಾಕಬೇಕು.

ಈ ಏರ್ಪಾಟು ಉಳಿಯುವುದು ಕಂಪನಿಯ ಕಡೆಯಲ್ಲಿ. ಆದ್ದರಿಂದ ಫೋನ್ ಆಫ್ ಆದರೂ ಅದು ಕೆಲಸ ಮಾಡುತ್ತದೆ. ಆದರೆ ಸಿಗ್ನಲ್ ಇರುವಾಗಲೇ ಹಾಕಿಡಬೇಕು. ಮಳೆ ಶುರುವಾದ ಮೇಲೆ ಹಾಕೋಣ ಅಂದರೆ ಕೆಲಸ ಕೆಟ್ಟಿತು.

ಹಿಂದೆಲ್ಲ ಸಣ್ಣ ಕೋಡ್ ಒತ್ತಿ ಕರೆ ತಿರುಗಿಸುತ್ತಿದ್ದರು. ಅದನ್ನೇ ಹಿಡಿದು ಮೋಸ ಜಾಸ್ತಿಯಾಗಿ, `*401#` ಮೂಲಕ ಕರೆ ತಿರುಗಿಸುವ ಸೌಲಭ್ಯವನ್ನು ನಿಲ್ಲಿಸಿ ಎಂದು ದೂರಸಂಪರ್ಕ ಇಲಾಖೆ 2024ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ಹೇಳಿತು. ನಿಮ್ಮ ಕರೆಗಳು ಬೇರೆಯವರಿಗೆ ಹೋದರೆ, ಕರೆಯಲ್ಲಿ ಬರುವ ಓಟಿಪಿಯೂ ಅವರಿಗೇ ಹೋಗುತ್ತದೆ. ಕೊರಿಯರ್, ಬ್ಯಾಂಕ್ ಅಂತ ಹೇಳಿಕೊಂಡು ಯಾರಾದರೂ ಸ್ಟಾರ್, ಹ್ಯಾಶ್ ಇರುವ ಕೋಡ್ ಒತ್ತಿಸಿದರೆ ಒತ್ತಬೇಡಿ. ಈಗಾಗಲೇ ಒತ್ತಿಬಿಟ್ಟಿದ್ದರೆ, ನೀವಾಗಿಯೇ `##002#` ಒತ್ತಿದರೆ ಎಲ್ಲ ಫಾರ್ವರ್ಡಿಂಗೂ ರದ್ದಾಗುತ್ತದೆ. ನೀವು ಹಾಕಿದ್ದೂ ಅದರ ಜೊತೆಗೇ ಹೋಗುತ್ತದೆ, ಅದನ್ನು ಮತ್ತೆ ಹಾಕಬೇಕು.

ಈಗ ಪ್ರಶ್ನೆ: ಎಲ್ಲಿಗೆ ತಿರುಗಿಸುವುದು?

ನಾನು ಮೊದಲು ಮಾಡಿದ ತಪ್ಪು ಇಲ್ಲೇ. ಮನೆಯ ಲ್ಯಾಂಡ್‌ಲೈನಿಗೆ ತಿರುಗಿಸಿದೆ. ಹಳೇ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು. ಮನೆಯಲ್ಲಿ ದೀಪ ಇಲ್ಲದಿದ್ದರೂ ಅದು ರಿಂಗ್ ಆಗುತ್ತಿತ್ತು. ಈಗಿನ ಫೈಬರ್ ಲೈನ್ ಹಾಗಲ್ಲ. ಮನೆಯ ಗೋಡೆಯ ಮೇಲಿರುವ ಪೆಟ್ಟಿಗೆಗೆ ನಮ್ಮ ಮನೆಯ ಕರೆಂಟೇ ಬೇಕು. ಯುಪಿಎಸ್ ಇಳಿದ ಕೂಡಲೇ ಅದೂ ಮಲಗುತ್ತದೆ. ಮೇಲಾಗಿ ಮರ ಬೀಳುವುದು ಕರೆಂಟ್ ತಂತಿಯ ಮೇಲೂ ಕೇಬಲ್ ಮೇಲೂ ಒಟ್ಟಿಗೇ.

ಉಳಿಯುವುದು ಎರಡು ದಾರಿ. ಮೈಸೂರು ಅಥವಾ ಬೆಂಗಳೂರಿನಲ್ಲಿರುವ ಮನೆಯವರ ನಂಬರಿಗೆ ತಿರುಗಿಸುವುದು. ತಿಂಗಳ ಬಾಡಿಗೆ ಇಲ್ಲ, ಮನುಷ್ಯರೇ ಮಾತಾಡುತ್ತಾರೆ. ಆದರೆ ಅವರು ಆಫೀಸಿನಲ್ಲಿರುವಾಗ ಇಪ್ಪತ್ತು ಕರೆ ಬಂದರೆ ನಿಮ್ಮ ಸಂಬಂಧಕ್ಕೇ ಕುತ್ತು. ಇನ್ನೊಂದು, ಕ್ಲೌಡ್ ನಂಬರ್. ತಿಂಗಳ ಬಾಡಿಗೆಗೆ ಒಂದು ನಂಬರ್ ಕೊಡುತ್ತಾರೆ. ಅದಕ್ಕೆ ಬಂದ ಕರೆಯನ್ನು ಯಂತ್ರವೇ ಎತ್ತಿ ನಿಮ್ಮ ದನಿ ಕೇಳಿಸುತ್ತದೆ, "ಒಂದು ಒತ್ತಿ" ಅಂದರೆ ಇನ್ನೊಬ್ಬರಿಗೆ ಜೋಡಿಸುತ್ತದೆ, ಬೀಪ್ ಹೊಡೆದು ಸಂದೇಶ ಹಿಡಿದಿಡುತ್ತದೆ. ನಾವು ಎರಡನ್ನೂ ಸೇರಿಸಿದ್ದೇವೆ: ಮೊದಲು ಯಂತ್ರ, ತೀರಾ ಅಗತ್ಯ ಇದ್ದವರಿಗೆ ಮಾತ್ರ ಮೈಸೂರಿನ ತಂಗಿ. ತಂಗಿಯ ಫೋನಿನಿಂದ ಮತ್ತೆ ನಿಮ್ಮ ನಂಬರಿಗೆ ಫಾರ್ವರ್ಡ್ ಇರಬಾರದು, ಕರೆ ಸುತ್ತು ಹೊಡೆಯುತ್ತದೆ. ಹೀಗೆ ತಿರುಗಿದ ಭಾಗದ ಕರೆಯ ಲೆಕ್ಕ ನಿಮ್ಮ ಹೆಸರಿಗೇ ಬರುತ್ತದೆ, ಅದಕ್ಕೆ ಪ್ಲಾನ್ ಒಮ್ಮೆ ನೋಡಿಕೊಳ್ಳಿ.

ಮೂರನೇ ಹೆಜ್ಜೆ: ಮಾತು ಬರೆಯುವುದು

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ನನ್ನ ಮೊದಲ ಸಂದೇಶ ಹೀಗಿತ್ತು: ಹಿಂದೆ ವಾಲಗ. ಮುಂದೆ, "ದಕ್ಷಿಣದ ಸ್ವರ್ಗ ಕೊಡಗಿನ ಮಡಿಲಲ್ಲಿರುವ ನಮ್ಮ ಹೋಂಸ್ಟೇಗೆ ತಮಗೆಲ್ಲರಿಗೂ ಆತ್ಮೀಯ ಸ್ವಾಗತ. ತಮ್ಮ ಕರೆ ನಮಗೆ ಅತ್ಯಂತ ಮುಖ್ಯ. ಸದ್ಯಕ್ಕೆ ನಾವು ಲಭ್ಯರಿರುವುದಿಲ್ಲ..." ಹೀಗೇ ಐವತ್ತು ಸೆಕೆಂಡ್. ಮಳೆಯಲ್ಲಿ ಕಾರು ನಿಲ್ಲಿಸಿಕೊಂಡು ಇದನ್ನು ಕೇಳುವವರ ಪಾಡು ನೋಡಿ. ರಸ್ತೆ ಇದೆಯೋ ಇಲ್ಲವೋ ಅಂತ ತಿಳಿಯಬೇಕಾದವರಿಗೆ ನಾನು ಸ್ವರ್ಗದ ಕಥೆ ಹೇಳುತ್ತಿದ್ದೆ.

ಕೇಳುವವರ ತಲೆಯಲ್ಲಿ ಪ್ರಶ್ನೆಗಳು ಒಂದು ಸಾಲಿನಲ್ಲಿ ಬರುತ್ತವೆ. ಸರಿಯಾದ ನಂಬರಾ? ಯಾಕೆ ಎತ್ತುತ್ತಿಲ್ಲ? ನನ್ನ ಕೆಲಸ ಏನಾಯಿತು? ಈಗ ನಾನು ಏನು ಮಾಡಲಿ? ಅದೇ ಸಾಲಿನಲ್ಲಿ ಉತ್ತರ ಕೊಡಿ. ಈಗ ನಮ್ಮಲ್ಲಿ ಓಡುವ ಮಳೆಗಾಲದ ಸಂದೇಶ ಇದು. ಚುಕ್ಕಿ ಇರುವಲ್ಲಿ ಹೋಂಸ್ಟೇ ಹೆಸರು:

"ನಮಸ್ಕಾರ. ನಾಪೋಕ್ಲಿನ … ಹೋಂಸ್ಟೇ. ಮಳೆಗೆ ಇಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತಿರುತ್ತದೆ. ನಿಮ್ಮ ಬುಕಿಂಗ್ ಹಾಗೇ ಇದೆ. ಈಗಾಗಲೇ ಹೊರಟಿದ್ದೀರಾ? ಮೈಸೂರಿನಲ್ಲಿರುವ ನಮ್ಮವರ ಹತ್ತಿರ ಮಾತಾಡಲು ಒಂದು ಒತ್ತಿ. ಇಲ್ಲವಾದರೆ ಇದೇ ನಂಬರಿಗೆ ವಾಟ್ಸಾಪ್ ಮಾಡಿ, ಸಿಗ್ನಲ್ ಬಂದ ಕೂಡಲೇ ನೋಡುತ್ತೇವೆ."

ನಿಧಾನವಾಗಿ ಓದಿದರೂ ಇಪ್ಪತ್ತು ಸೆಕೆಂಡ್ ಆಸುಪಾಸು. ಇದರಲ್ಲಿ ಒಂದೊಂದು ಮಾತಿಗೂ ಒಂದು ಕಾರಣ ಇದೆ.

"ನಮಸ್ಕಾರ" ಮರ್ಯಾದೆಗೆ ಮಾತ್ರ ಅಲ್ಲ. ಕರೆ ಜೋಡಣೆಯಾಗುವಾಗ ಮೊದಲ ಅರ್ಧ ಸೆಕೆಂಡ್ ಕತ್ತರಿಸಿ ಹೋಗುವುದು ಸಾಮಾನ್ಯ. ಫೋನ್ ಕಿವಿಯಿಂದ ದೂರ ಹಿಡಿದವರೂ ಇರುತ್ತಾರೆ. ಕಳೆದುಹೋದರೂ ನಷ್ಟವಿಲ್ಲದ ಮಾತು ಮೊದಲು ಬರಲಿ, ಹೆಸರು ಆಮೇಲೆ ಬರಲಿ.

"ನಿಮ್ಮ ಬುಕಿಂಗ್ ಹಾಗೇ ಇದೆ" ಅನ್ನುವ ನಾಲ್ಕು ಮಾತು ನಮ್ಮ ಹದಿನೇಳು ಕರೆಗಳಿಗೆ ಉತ್ತರ. ಇದನ್ನು ಸೇರಿಸಲು ನನಗೆ ಒಂದು ವರ್ಷ ಬೇಕಾಯಿತು!

"ಒಂದು ಒತ್ತಿ" ಆ ವಾಕ್ಯದ ಕೊನೆಯಲ್ಲಿ ಬರಬೇಕು. ಯಾಕೆ ಒತ್ತಬೇಕು ಅಂತ ತಿಳಿಯುವ ಮೊದಲೇ ಅಂಕಿ ಹೇಳಿದರೆ, ಕಾರಣ ಕೇಳುವಷ್ಟರಲ್ಲಿ ಅಂಕಿ ಮರೆತಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಹೇಗೂ ಕೊನೆಗೇ ಬರುವುದರಿಂದ ಇದು ನಮಗೆ ಸಲೀಸು. "ಒಂದನ್ನು ಒತ್ತಿ, ಬುಕಿಂಗಿಗಾಗಿ" ಅಂತ ಬರೆದದ್ದು ಕಂಡರೆ ಅದು ಎಲ್ಲಿಂದಲೋ ಎತ್ತಿ ತಂದದ್ದು.

"ಇದೇ ನಂಬರಿಗೆ" ಅಂದದ್ದು ಹತ್ತು ಅಂಕಿ ಹೇಳುವುದನ್ನು ತಪ್ಪಿಸಲು. ಕಾರಿನಲ್ಲಿ ಕೂತವರು ಬರೆದುಕೊಳ್ಳುವುದು ಎಲ್ಲಿ? ಅವರು ಈಗಷ್ಟೇ ಒತ್ತಿದ ನಂಬರ್ ಅವರ ಫೋನಿನಲ್ಲೇ ಇದೆ. ಇನ್ನೊಂದು ನಂಬರ್ ಹೇಳಲೇಬೇಕಾದರೆ ಒಂದೊಂದೇ ಅಂಕಿಯಾಗಿ ಹೇಳಿ, ಐದಕ್ಕೊಮ್ಮೆ ನಿಲ್ಲಿಸಿ, ಎರಡು ಸಲ ಹೇಳಿ. ಫೋನಿನಲ್ಲಿ "ಎಂಬತ್ತು", "ತೊಂಬತ್ತು" ಒಂದೇ ಥರ ಕೇಳಿಸುತ್ತವೆ. "ಮೂರು", "ನೂರು", "ಆರು" ಕೂಡ. ಇಂಗ್ಲಿಷ್ ಅಂಕಿ ಹೇಳಿದರೆ "ಫೈವ್", "ನೈನ್" ಕಿತಾಪತಿ. ವೈರ್‌ಲೆಸ್ಸಿನವರು "ನೈನರ್" ಅನ್ನುವುದು ಅದಕ್ಕೇ.

ಇನ್ನು ಏನು ಹೇಳಬಾರದು ಅನ್ನುವುದು. "ಭಾನುವಾರದವರೆಗೆ ನಾವು ಊರಲ್ಲಿಲ್ಲ" ಅಂತ ಹೇಳಬೇಡಿ. ಕಣದಲ್ಲಿ ಕಾಫಿ ಒಣಗುತ್ತಿರುವಾಗ, ಮೆಣಸಿನ ಮೂಟೆ ಮನೆಯಲ್ಲಿರುವಾಗ ಅದು ಕಳ್ಳರಿಗೆ ಕೊಟ್ಟ ಆಹ್ವಾನ. "ಇವತ್ತು", "ನಾಳೆ" ಅಂತ ಹೇಳಿ ರೆಕಾರ್ಡ್ ಮಾಡಬೇಡಿ, ನಾಳೆ ಅದನ್ನು ತೆಗೆಯಲು ನಿಮಗೆ ಸಿಗ್ನಲ್ ಇರುವುದಿಲ್ಲ. ರಸ್ತೆಯ ಸುದ್ದಿಯನ್ನೂ ಹಾಕಬೇಡಿ. ಭಾಗಮಂಡಲದ ತ್ರಿವೇಣಿ ಸಂಗಮ ತುಂಬಿದರೆ ನಾಪೋಕ್ಲು ಕಡೆಯ ರಸ್ತೆ ಮುಳುಗಬಹುದು, ನೀರು ಗಂಟೆಗಳಲ್ಲಿ ಇಳಿಯಲೂಬಹುದು. ಬೆಳಿಗ್ಗೆ ರೆಕಾರ್ಡ್ ಮಾಡಿದ್ದು ಮಧ್ಯಾಹ್ನಕ್ಕೆ ಸುಳ್ಳು. ಅದನ್ನು ಆ ಹೊತ್ತಿಗೆ ಫೋನ್ ಎತ್ತುವ ತಂಗಿಯೇ ಹೇಳಲಿ.

ಭಾಷೆ? ನಮ್ಮ ಅತಿಥಿಗಳಲ್ಲಿ ಕನ್ನಡದವರು ಜಾಸ್ತಿ, ಉಳಿದವರು ಮಲಯಾಳಂ, ತಮಿಳು, ಹಿಂದಿಯವರು. ನಾವು ಕನ್ನಡದಲ್ಲಿ ಇಪ್ಪತ್ತು ಸೆಕೆಂಡ್, ಹಿಂದೆಯೇ ಇಂಗ್ಲಿಷಿನಲ್ಲಿ ಹದಿನೈದು ಸೆಕೆಂಡ್ ಇಟ್ಟಿದ್ದೇವೆ. ಮೂರನೇ ಭಾಷೆ ಸೇರಿಸಿದರೆ ಕೊನೆಯವರು ಕಾಯದೆ ಇಡುತ್ತಾರೆ. ಮನೆಯ ನಂಬರಿಗೆ ಕೊಡವ ತಕ್ಕ್ ಅಥವಾ ಅರೆಭಾಷೆಯಲ್ಲೇ ಹಾಕಿಕೊಳ್ಳಿ, ಅಲ್ಲಿ ಕರೆ ಮಾಡುವವರು ನೆಂಟರೇ.

ನಾಲ್ಕನೇ ಹೆಜ್ಜೆ: ರೆಕಾರ್ಡ್ ಮಾಡುವುದು

ಸಾಮಾನ್ಯ ಫೋನ್ ಲೈನ್ ಹಿಡಿಯುವುದು ಸುಮಾರು 300ರಿಂದ 3400 ಹರ್ಟ್ಸ್ ನಡುವಿನ ದನಿ ಮಾತ್ರ. 4ಜಿ ನೆಟ್‌ವರ್ಕಿನಲ್ಲೇ ಹೋಗುವ ವೋಲ್ಟಿಯ ಎಚ್‌ಡಿ ಕರೆಯಲ್ಲಿ ಅದು 7000ದವರೆಗೆ ಹೋಗುತ್ತದೆ. ಆದರೆ ಕರೆ ತಿರುಗಿ ಇನ್ನೊಂದು ಕಂಪನಿಗೆ ಹೋದಾಗ ಮತ್ತೆ ಹಳೇ ಅಳತೆಗೆ ಇಳಿಯಬಹುದು. "ಸ", "ಶ" ದನಿಗಳ ಹರಿತ ಇರುವುದು ಆ ಮೇಲಿನ ಭಾಗದಲ್ಲೇ. ಅದು ಹೋದರೆ ಗೊಣಗುವವರ ಮಾತು ಇನ್ನೂ ಮಂಕು. ಆದ್ದರಿಂದ ಒಳ್ಳೆಯ ದನಿಯವರಿಗಿಂತ ಬಿಡಿಸಿ ಮಾತಾಡುವವರು ಬೇಕು. ನಮ್ಮ ಮನೆಯಲ್ಲಿ ನನ್ನದು ಎಲ್ಲರಿಗಿಂತ ಗಡಸು ದನಿ, ರೆಕಾರ್ಡ್ ಮಾಡಿದ್ದು ಅತ್ತಿಗೆ.

ಇನ್ನೊಂದು ತೊಂದರೆ ಮೊಬೈಲಿನ ಕೋಡೆಕ್, ಅಂದರೆ ದನಿಯನ್ನು ಕುಗ್ಗಿಸಿ ಕಳಿಸುವ ಏರ್ಪಾಟು. ಅದನ್ನು ಒಬ್ಬ ಮನುಷ್ಯ ಮಾತಾಡುವ ದನಿಗೆ ಅಂತ ಕಟ್ಟಿದ್ದಾರೆ. ವಾಲಗವೋ ಮಳೆಯ ಸದ್ದೋ ಬಂದರೆ ಅದಕ್ಕೆ ದಿಕ್ಕು ತೋಚುವುದಿಲ್ಲ, ಎಲ್ಲ ಸೇರಿಸಿ ನೀರೊಳಗಿನ ಗುಳುಗುಳು ಮಾಡಿಬಿಡುತ್ತದೆ. ನನ್ನ ಮೊದಲ ಸಂದೇಶದಲ್ಲಿ ಕೊಂಬು ಊದಿದ್ದು ಎಮ್ಮೆ ಕೆಮ್ಮಿದ ಹಾಗೆ ಕೇಳುತ್ತಿತ್ತು. ಹಿನ್ನೆಲೆ ಸಂಗೀತ ಬೇಡವೇ ಬೇಡ.

ಮಳೆ ನಿಲ್ಲುವವರೆಗೆ ಕಾಯಿರಿ. ತಗಡಿನ ಮಾಡಿನ ಕೆಳಗಂತೂ ಬೇಡ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುವಾಗ, ಸಂಜೆ ಜೀರುಂಡೆ ಕೂಗುವಾಗಲೂ ಬೇಡ. ಎಲ್ಲಕ್ಕಿಂತ ಒಳ್ಳೆಯ ಸ್ಟುಡಿಯೋ ಅಂದರೆ ಶೆಡ್ಡಿನಲ್ಲಿ ನಿಲ್ಲಿಸಿದ ಕಾರು, ಗಾಜು ಏರಿಸಿ. ಇಲ್ಲದಿದ್ದರೆ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಬಟ್ಟೆಗಳಿಗೆ ಮುಖ ಮಾಡಿ ನಿಲ್ಲಿ. ಬರೀ ಗೋಡೆಯ ಕೋಣೆಯಲ್ಲಿ ದನಿ ಬಾವಿಯೊಳಗಿಂದ ಬಂದ ಹಾಗಿರುತ್ತದೆ.

ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ನೇರ ಹಿಡಿದರೆ "ಪ", "ಭ" ಬಂದಾಗಲೆಲ್ಲ ಉಸಿರು ಬಡಿಯುತ್ತದೆ. ನಿಂತು ಮಾತಾಡಿ. ಕಾಗದ ನೋಡಿ ಓದಿದ್ದು ಓದಿದ ಹಾಗೇ ಕೇಳಿಸುತ್ತದೆ, ಅದಕ್ಕೆ ಎದುರಿಗೆ ಯಾರನ್ನಾದರೂ ನಿಲ್ಲಿಸಿಕೊಂಡು ಅವರಿಗೇ ಹೇಳಿ. ಅತ್ತಿಗೆ ನನಗೆ ಹೇಳಿದರು. ಆರನೇ ಸಲಕ್ಕೆ ಸರಿಯಾಯಿತು. ಐದನೆಯದು ಚೆನ್ನಾಗಿತ್ತು, ಮಧ್ಯದಲ್ಲಿ ನಾಯಿ ಬೊಗಳಿತು.

ಕ್ಲೌಡ್ ನಂಬರಿನವರು ಸಾಮಾನ್ಯವಾಗಿ ಕೇಳುವುದು 8000 ಹರ್ಟ್ಸ್, ಒಂದೇ ಚಾನೆಲ್, 16 ಬಿಟ್‌ನ ವೇವ್ ಫೈಲ್. ಕಂಪ್ಯೂಟರಿನಲ್ಲಿ ಎಫ್‌ಎಫ್‌ಎಂಪೆಗ್ ಅನ್ನುವ, ದನಿ ಫೈಲ್ ಬದಲಾಯಿಸುವ ಸಾಫ್ಟ್‌ವೇರ್ ಇದ್ದರೆ ಒಂದೇ ಸಾಲಿನ ಕೆಲಸ, `male.m4a` ಇರುವಲ್ಲಿ ನಿಮ್ಮ ರೆಕಾರ್ಡಿಂಗಿನ ಹೆಸರು:

```
ffmpeg -i male.m4a -af "highpass=f=200,lowpass=f=3400,loudnorm=I=-19:TP=-3,adelay=500:all=1" -ac 1 -ar 8000 -c:a pcm_s16le male.wav
```

ಇದು ಕೆಳಗಿನ ಗುಡುಗನ್ನೂ ಮೇಲಿನ ಸದ್ದನ್ನೂ ತೆಗೆದು, ದನಿಯ ಮಟ್ಟ ಸಮ ಮಾಡಿ, ಶುರುವಿನಲ್ಲಿ ಅರ್ಧ ಸೆಕೆಂಡ್ ಮೌನ ಸೇರಿಸುತ್ತದೆ. ಬಂದ ಫೈಲನ್ನು ಕಂಪ್ಯೂಟರಿನಲ್ಲೇ ಒಮ್ಮೆ ಕೇಳಿ. ಫೋನಿನಲ್ಲಿ ಇದಕ್ಕಿಂತ ಚೆನ್ನಾಗಿ ಕೇಳುವುದಿಲ್ಲ. ಇಲ್ಲೇ ಅರ್ಥವಾಗದ ಮಾತು ಇದ್ದರೆ ಆ ಮಾತನ್ನೇ ಬದಲಾಯಿಸಿ. ನಾವು "ಸಂಪರ್ಕಿಸಿ" ತೆಗೆದು "ಮಾತಾಡಲು" ಹಾಕಿದ್ದು ಹೀಗೆ.

ಐದನೇ ಹೆಜ್ಜೆ: ಪರೀಕ್ಷೆ

ಹೆಚ್ಚಿನವರು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇನ್ನೊಂದರಿಂದ ಕರೆ ಮಾಡಿ, ಸಂದೇಶ ಕೇಳಿಸಿತು ಅಂತ ಖುಷಿಪಡುತ್ತಾರೆ. ಅದು ಅರ್ಧ ಪರೀಕ್ಷೆ. ಏರೋಪ್ಲೇನ್ ಮೋಡಿಗೆ ಹೋಗುವಾಗ ಫೋನ್ ನೆಟ್‌ವರ್ಕಿಗೆ "ಹೋಗಿ ಬರುತ್ತೇನೆ" ಅಂತ ಹೇಳಿಯೇ ಹೋಗುತ್ತದೆ. ಹಾಗಾಗಿ ಕರೆ ತಕ್ಷಣ ತಿರುಗುತ್ತದೆ. ತೋಟದ ಇಳಿಜಾರಿನಲ್ಲಿ ಸಿಗ್ನಲ್ ತಪ್ಪಿದಾಗ ಫೋನಿಗೆ ಹೇಳಿ ಹೋಗಲು ಆಗುವುದಿಲ್ಲ. ನೆಟ್‌ವರ್ಕ್ ಅದನ್ನು ಸ್ವಲ್ಪ ಹೊತ್ತು ಹುಡುಕುತ್ತದೆ, ಸಿಗದಿದ್ದರೆ ಆಮೇಲೆ ತಿರುಗಿಸುತ್ತದೆ. ಕರೆ ಮಾಡಿದವರಿಗೆ ಅಷ್ಟು ಹೊತ್ತು ಬರೀ ಮೌನ. ಈ ಮೌನ ಎಷ್ಟಿದೆ ಅಂತ ನೋಡಲು, ನಿಮ್ಮಲ್ಲಿ ಸಿಗ್ನಲ್ ಇಲ್ಲದ ಜಾಗಕ್ಕೆ ಫೋನನ್ನು ಹಾಗೇ ಒಯ್ದಿಟ್ಟು, ಮನೆಯವರ ಕೈಲಿ ಬೇರೆ ಕಂಪನಿಯ ಸಿಮ್ಮಿನಿಂದ ಕರೆ ಮಾಡಿಸಿ. ಕೊಡಗಿನಲ್ಲಿ ಅಂಥ ಜಾಗಕ್ಕೆ ಬರವಿಲ್ಲ.

ಸಂದೇಶದ ಬದಲು ಕಂಪನಿಯ ಸ್ವಿಚ್ ಆಫ್ ಘೋಷಣೆಯೇ ಬಂದರೆ "ಸಿಗದಿದ್ದಾಗ" ಆಯ್ಕೆ ಉಳಿದಿಲ್ಲ ಅಂತ ಅರ್ಥ, ಮತ್ತೆ ಹಾಕಿ. ಸಿಮ್ ಬದಲಾಯಿಸಿದ ಮೇಲೆ, ಕಂಪನಿ ಬದಲಾಯಿಸಿದ ಮೇಲೆ ಇದನ್ನು ಮರೆಯದೆ ನೋಡಿ. ರಿಂಗ್ ಆಗಿ ಆಗಿ ಕಟ್ ಆಗುತ್ತಿದ್ದರೆ "ಎತ್ತದಿದ್ದಾಗ" ಹಾಕಿಲ್ಲ. ಕಾಯುವ ಹೊತ್ತನ್ನು ಆರಿಸಲು ಬಿಟ್ಟರೆ 20 ಸೆಕೆಂಡ್ ಇಡಿ. ಐದು ಸೆಕೆಂಡ್ ಇಟ್ಟರೆ ಅಡಿಗೆಮನೆಯಿಂದ ಓಡಿ ಬರುವಷ್ಟರಲ್ಲಿ ಯಂತ್ರ ಎತ್ತಿರುತ್ತದೆ.

ಕಾಲರ್ ಟ್ಯೂನ್ ಬೇಕೇ ಬೇಕು ಅನ್ನುವವರಿಗೆ

ವ್ಯಾಪಾರದ ನಂಬರಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಫೋನ್ ರಿಂಗ್ ಆಗುತ್ತಿದೆ ಅನ್ನುವ ಗುರುತೇ ಅದರಿಂದ ಹೋಗುತ್ತದೆ. ನಮ್ಮ ಅಜ್ಜಿ ಹಾಡು ಕೇಳಿದ ಕೂಡಲೇ ಯಾರೋ ಎತ್ತಿದ್ದಾರೆ ಅಂತ "ಹಲೋ, ರೇಡಿಯೋ ಆಫ್ ಮಾಡಿ" ಅನ್ನುತ್ತಿದ್ದರು. 2020ರಲ್ಲಿ ಕೋವಿಡ್ ಜಾಗೃತಿಯ ದನಿ ಕೆಮ್ಮಿನೊಂದಿಗೆ ಶುರುವಾಗುತ್ತಿದ್ದಾಗಲಂತೂ, ಎತ್ತಿದವರಿಗೇ ಹುಷಾರಿಲ್ಲ ಅಂತ ಗಾಬರಿಯಾದರು.

ಹಾಕಿಕೊಳ್ಳುವುದೇ ಆದರೆ ಒಂದೇ ದನಿ, ಒಂದೆರಡು ವಾದ್ಯ ಇರುವ ತುಣುಕು ಆರಿಸಿ. ಕೋಡೆಕ್ ಅದನ್ನು ಸ್ವಲ್ಪವಾದರೂ ಉಳಿಸುತ್ತದೆ. ಗೊತ್ತಿಲ್ಲದೆ ಟ್ಯೂನ್ ಅಂಟಿಕೊಂಡು ದುಡ್ಡು ಹೋಗುತ್ತಿದ್ದರೆ `155223` ಕ್ಕೆ ಕರೆ ಮಾಡಿ ತೆಗೆಸಬಹುದು. ಬೇರೆಯವರ ಟ್ಯೂನ್ ಕೇಳುವಾಗ ಸ್ಟಾರ್ ಒತ್ತಿದರೆ ಅದು ನಿಮಗೂ ಬರುವ ಏರ್ಪಾಟು ಕೆಲವು ಕಂಪನಿಗಳಲ್ಲಿದೆ. ಮಕ್ಕಳ ಕೈಗೆ ಫೋನ್ ಕೊಟ್ಟ ಮನೆಗಳಲ್ಲಿ ಇದು ಹೊಸತಲ್ಲ.

ನಮ್ಮ ಮಳೆಯ ಸಂದೇಶ ಜೂನ್ ಮೊದಲ ವಾರ ಹತ್ತುತ್ತದೆ, ಅಕ್ಟೋಬರಿನಲ್ಲಿ ಕಾವೇರಿ ಸಂಕ್ರಮಣದ ಹೊತ್ತಿಗೆ ಇಳಿಯುತ್ತದೆ. ಆಮೇಲೆ ಕಾಫಿ ಕುಯ್ಲಿನ ಸಂದೇಶ: "ಹಗಲು ತೋಟದಲ್ಲಿರುತ್ತೇವೆ, ಬೀಪ್ ಆದ ಮೇಲೆ ಹೆಸರು, ಬರುವ ತಾರೀಕು, ಎಷ್ಟು ಜನ ಅಂತ ಹೇಳಿ, ರಾತ್ರಿ ಎಂಟರೊಳಗೆ ಫೋನ್ ಮಾಡುತ್ತೇವೆ." ಎಂಟರೊಳಗೆ ಅಂದದ್ದಕ್ಕೆ ಈಗ ದಿನಾ ಏಳೂವರೆಗೆ ಅತ್ತಿಗೆ ನನ್ನ ಕೈಗೆ ಫೋನ್ ತಂದು ಕೊಡುತ್ತಾರೆ.